ಓದಿದರೆ ಅಳಿಯುವ ಬಿಟ್

ಕಂಪನಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಪಾಠ ಹೇಳಿಕೊಡುತ್ತಾನೆ ಎಂಬ ಕಾರಣಕ್ಕಲ್ಲ, ಫೇಲು ಮಾಡುತ್ತಾನೆ ಎಂಬ ಕಾರಣಕ್ಕೆ. ಸರಕು ಲಿಫ್ಟ್‌ಗಳ ಬಾಗಿಲನ್ನು ತೆರೆದು ಮುಚ್ಚುವ ಬೋರ್ಡು ತಯಾರಿಸುವ ಕಂಪನಿ ಅದು. ಆ ಬೋರ್ಡಿನ ಚಿಪ್ ಒಳಗೆ ಓಡುವ ಪ್ರೋಗ್ರಾಂ ಬರೆಯುವ ವಿಭಾಗಕ್ಕೆ ಅವನೇ ಹಿರಿಯ. ಆ ವಿಭಾಗಕ್ಕೆ ಯಾರು ಸೇರಬೇಕೆಂದರೂ ಮೊದಲು ಅವನ ಒಂದು ಹಾಳೆಯನ್ನು ದಾಟಿಕೊಂಡು ಬರಬೇಕಿತ್ತು.

ಹಾಳೆ ಎಂದರೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ, ಅದರ ಮೇಲೆ ಸಿ ಭಾಷೆಯ ನಲವತ್ತೊಂದು ಸಾಲು. ಹತ್ತು ವರ್ಷದ ಹಿಂದೆ ಕಂಪನಿಯ ಮೊದಲ ಮಾದರಿಗೆ ಅವನೇ ಬರೆದ ಕೋಡು. ಅದನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿ, ಒಂದೇ ಒಂದು ಪದವನ್ನು ಮಾತ್ರ ತೆಗೆದಿದ್ದ: ವೋಲಟೈಲ್. ಬಾಗಿಲಿಗೆ ಏನಾದರೂ ತಗುಲಿದರೆ ಇಂಟರಪ್ಟ್ ಎದ್ದು, ನಡೆಯುತ್ತಿರುವ ಕೆಲಸವನ್ನು ಅಲ್ಲೇ ನಿಲ್ಲಿಸಿ, ಗುರುತಿಗೆ ಒಂದು ಫ್ಲಾಗ್ ಎತ್ತಿಟ್ಟು ಹೋಗುತ್ತದೆ. ಮುಖ್ಯ ಪ್ರೋಗ್ರಾಂ ಸುತ್ತು ಸುತ್ತುತ್ತಾ ಆ ಫ್ಲಾಗನ್ನು ನೋಡುತ್ತಿರಬೇಕು. ಆದರೆ ಬರೆದ ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬುದು ಅತಿ ಬುದ್ಧಿವಂತ ಪ್ರಾಣಿ. ಈ ಸುತ್ತಿನೊಳಗೆ ಫ್ಲಾಗನ್ನು ಯಾರೂ ಮುಟ್ಟುತ್ತಿಲ್ಲವಲ್ಲ, ಪದೇ ಪದೇ ಯಾಕೆ ಹೋಗಿ ನೋಡಲಿ ಎಂದು ಮೊದಲ ಸಲ ಓದಿದ್ದನ್ನೇ ನೆನಪಿಟ್ಟುಕೊಂಡು ಕೂತುಬಿಡುತ್ತದೆ. ನಿನ್ನ ನೆನಪನ್ನು ನಂಬಬೇಡ, ಪ್ರತಿ ಸಲ ಹೋಗಿ ನೋಡಿಕೊಂಡು ಬಾ ಎಂದು ಅದಕ್ಕೆ ಹೇಳುವ ಪದವೇ ವೋಲಟೈಲ್. ನಾಲ್ಕು ವರ್ಷದಲ್ಲಿ ಆ ಹಾಳೆಯ ಮುಂದೆ ಕೂತವರು ನಲವತ್ತಮೂರು ಮಂದಿ, ಪದ ಕಾಣೆಯಾಗಿದ್ದನ್ನು ಹಿಡಿದವರು ಒಂಬತ್ತು. ಉಳಿದವರು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಎದ್ದುಹೋಗುವುದನ್ನು ನೋಡುವುದು ಮೇಷ್ಟ್ರಿಗೆ ಇಷ್ಟವೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಕೋಡಿನ ಬಗ್ಗೆ ಅವನಿಗೆ ಹೆಮ್ಮೆಯಿರಲು ಇನ್ನೊಂದು ಕಾರಣವೂ ಇತ್ತು. ಅದು ಒಮ್ಮೆ ತನಿಖೆಗೆ ಒಳಗಾಗಿ ನಿರ್ದೋಷಿ ಎಂದು ಹೊರಬಂದ ಕೋಡು. ತನಿಖೆ ಮಾಡಿದವನೂ ಅವನೇ.

ಒಂಬತ್ತು ವರ್ಷದ ಹಿಂದಿನ ಮಾತು. ಒಂದು ಗೋದಾಮಿನಲ್ಲಿ ಸರಕು ಲಿಫ್ಟಿನ ಉಕ್ಕಿನ ಬಾಗಿಲು, ಮೇಲಿಂದ ಕೆಳಕ್ಕೆ ಇಳಿಯುವಂಥದ್ದು, ಸರ್ವಿಸಿಗೆ ಹೋಗಿದ್ದ ಮೆಕ್ಯಾನಿಕ್‌ನ ಬಲಗೈ ಮೇಲೆ ಇಳಿಯಿತು. ಬಾಗಿಲಿನ ಕೆಳ ಅಂಚಿಗೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದಕ್ಕೆ ಏನು ತಗುಲಿದರೂ ಐವತ್ತು ಮಿಲಿಸೆಕೆಂಡಿನೊಳಗೆ ಬಾಗಿಲು ಮೇಲಕ್ಕೆ ತಿರುಗಬೇಕು. ಅವತ್ತು ತಿರುಗಲಿಲ್ಲ. ಎರಡು ಬೆರಳು ಹೋದವು. ಮೇಷ್ಟ್ರು ಲ್ಯಾಬಿನಲ್ಲಿ ಅದೇ ಬೋರ್ಡು ಕೂರಿಸಿ ಸಾವಿರ ಸಲ ಪಟ್ಟಿ ಒತ್ತಿಸಿ ನೋಡಿದ. ಸಾವಿರ ಸಲವೂ ತಿರುಗಿತು. ಪ್ರೋಗ್ರಾಂನಲ್ಲಿ ದೋಷವಿಲ್ಲ, ಸರ್ವಿಸ್ ಮಾಡುವಾಗ ಮೆಕ್ಯಾನಿಕ್ ಪಟ್ಟಿಯ ವೈರು ಬಿಚ್ಚಿಟ್ಟು ಮರೆತಿರಬೇಕು ಎಂದು ವರದಿ ಬರೆದು ಸಹಿ ಹಾಕಿದ. ಮೆಕ್ಯಾನಿಕ್‌ನ ಕೆಲಸ ಹೋಯಿತು.

ಆ ಮೆಕ್ಯಾನಿಕ್ ಮೇಷ್ಟ್ರ ಒಡಹುಟ್ಟಿದ ಅಣ್ಣ. ಅದೇ ಕಂಪನಿಯಲ್ಲಿ ಗ್ರೀಸು ಮೆತ್ತಿಕೊಂಡು ದುಡಿದು ತಮ್ಮನನ್ನು ಇಂಜಿನಿಯರಿಂಗ್ ಓದಿಸಿದವನು. ಓದು ಮುಗಿದ ಮೇಲೆ ಮಾಲೀಕರ ಮುಂದೆ ನಿಂತು, ನನ್ನ ತಮ್ಮ ಚೆನ್ನಾಗಿ ಓದಿದಾನೆ ಸರ್, ಒಂದು ಸಲ ನೋಡಿ ಎಂದು ಕೆಲಸಕ್ಕೆ ಸೇರಿಸಿದವನೂ ಅವನೇ. ಆಸ್ಪತ್ರೆಯಲ್ಲಿ ಮೊದಲ ದಿನ ಅವನು ತಮ್ಮನಿಗೆ ಒಂದು ಮಾತು ಹೇಳಿದ್ದ: "ವೈರು ನಾನು ಬಿಚ್ಚಿರಲಿಲ್ಲ ಕಣೋ. ಪಟ್ಟಿ ಒತ್ತಿದ್ರೆ ಹತ್ತೋ ಕೆಂಪು ದೀಪ ಇದೆಯಲ್ಲ, ಅದು ಹತ್ತಿತ್ತು. ನಾನು ನೋಡ್ದೆ." ನೋವಿನಲ್ಲಿರುವವರು ಏನೇನೋ ನೋಡುತ್ತಾರೆ ಎಂದುಕೊಂಡು ಮೇಷ್ಟ್ರು ಆ ದೀಪವನ್ನು ವರದಿಯಲ್ಲಿ ಬರೆಯಲಿಲ್ಲ. ವರದಿ ಬಂದ ಮೇಲೆ ಅಣ್ಣನೂ ಆ ಮಾತೆತ್ತಲಿಲ್ಲ. ಯಾರಾದರೂ ಕೇಳಿದರೆ, ನನ್ನದೇ ತಪ್ಪು, ವೈರು ಬಿಚ್ಚಿಟ್ಟಿದ್ದೆ ಎನ್ನುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎಮ್ಮೆಯೇ ಬಂದು, ಜ್ವರ ನನಗೇ ಬಂದಿತ್ತು ಎಂದು ಒಪ್ಪಿಕೊಂಡಿತ್ತು.

ನಲವತ್ತನಾಲ್ಕನೆಯವಳಾಗಿ ಆ ಹುಡುಗಿ ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮೂವತ್ತರ ಆಸುಪಾಸು. ತೂಕದ ಯಂತ್ರಗಳ ಬೋರ್ಡು ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆರು ವರ್ಷ ಇದ್ದಳಂತೆ, ಅದು ಮುಚ್ಚಿ ಎಂಟು ತಿಂಗಳಾಗಿತ್ತು. ಬಲಗೈ ಹೆಬ್ಬೆರಳಿನ ಪಕ್ಕ ಸೋಲ್ಡರಿಂಗ್ ಐರನ್ ತಗುಲಿದ ಹಳೆಯ ಕಲೆ. ಕಾನ್ಫರೆನ್ಸ್ ರೂಮಿನ ಕುರ್ಚಿ ಅವಳ ಭಾರಕ್ಕೆ ಒಂದು ಕಡೆ ವಾಲಿದಾಗ, ಅವಳು ಬಗ್ಗಿ ಅದರ ಕಾಲಿನ ತಿರುಪನ್ನು ನಾಲ್ಕು ಸುತ್ತು ಬಿಗಿಮಾಡಿ ಮತ್ತೆ ಕೂತಳು. ಮೇಷ್ಟ್ರು ಅದನ್ನು ನೋಡಿ ಮನಸ್ಸಿನಲ್ಲೇ ಒಂದು ಅಂಕ ಕೊಟ್ಟ.

"ಇಂಟರಪ್ಟ್ ಒಳಗೆ ಏನು ಮಾಡಬಾರದು?" ಎಂದು ಶುರುಮಾಡಿದ.

"ಕಾಯಬಾರದು, ಪ್ರಿಂಟ್ ಮಾಡಬಾರದು, ಮೆಮೊರಿ ಕೇಳಬಾರದು. ನೆಂಟರ ಮನೆಗೆ ಸಾವಿನ ಸುದ್ದಿ ಹೇಳೋಕೆ ಹೋದ ಹಾಗೆ ಸರ್. ಹೇಳಬೇಕಾದ್ದನ್ನ ಹೇಳಿ ಎದ್ದುಬಿಡಬೇಕು, ಊಟಕ್ಕೆ ಕೂರಬಾರದು."

ಮೇಷ್ಟ್ರಿಗೆ ನಗು ಬಂತು, ತೋರಿಸಲಿಲ್ಲ. "ರಿಯಲ್ ಟೈಮ್ ಅಂದ್ರೆ? ಬೇಗ ಓಡೋದು ಅಂತಲಾ?"

"ಅಲ್ಲ. ಹೇಳಿದ ಹೊತ್ತಿಗೆ ಮುಗಿಸೋದು. ಸರಾಸರಿ ಎಷ್ಟು ಬೇಗ ಅನ್ನೋದು ಲೆಕ್ಕಕ್ಕಿಲ್ಲ. ಅತ್ಯಂತ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡ ಆಗುತ್ತೆ ಅನ್ನೋದೇ ಲೆಕ್ಕ. ಸಾವಿರ ಸಲ ಸರಿಯಾಗಿ ಬಂದು ಒಂದು ಸಲ ತಪ್ಪಿದ್ರೂ ಅದು ತಪ್ಪಿದ ಹಾಗೇನೇ."

"ಸರಿ," ಎಂದು ಮೇಷ್ಟ್ರು ಹಾಳೆಯನ್ನು ಅವಳ ಕಡೆ ತಳ್ಳಿದ. "ಇದು ನಮ್ಮ ಬಾಗಿಲಿನ ಕೋಡು. ಇದರಲ್ಲಿ ಒಂದು ತಪ್ಪಿದೆ. ಹದಿನೈದು ನಿಮಿಷ."

ಅವಳು ಎರಡು ನಿಮಿಷ ಓದಿ, ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು. "ಈ ಫ್ಲಾಗಿಗೆ ವೋಲಟೈಲ್ ಇಲ್ಲ. ಲ್ಯಾಬಲ್ಲಿ ಡೀಬಗ್ ಮಾಡುವಾಗ ಚೆನ್ನಾಗೇ ಓಡುತ್ತೆ, ಕಂಪೈಲರ್‌ಗೆ ಆಪ್ಟಿಮೈಸ್ ಮಾಡು, ಇನ್ನೂ ಬೇಗ ಓಡಿಸು ಅಂದ ದಿನ ಕೈಕೊಡುತ್ತೆ. ಆದ್ರೆ ಕೆಳಗೆ ರಿಜಿಸ್ಟರ್‌ಗಳಿಗೆಲ್ಲ ಹಾಕಿದೀರಿ. ಅಷ್ಟು ನೆನಪಿದ್ದವರು ಇದೊಂದನ್ನ ಮರೆಯಲ್ಲ. ಬೇಕಂತಲೇ ತೆಗೆದಿದೀರಿ ಅಲ್ವಾ?"

"ಹೌದು. ಮುಗೀತು. ಅಭಿನಂದನೆ."

ಮುಗಿಯಿತು ಎಂದರೂ ಅವಳು ಹಾಳೆಯನ್ನು ಬಿಡಲಿಲ್ಲ. ಇನ್ನೊಮ್ಮೆ ಓದಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು. "ಸರ್, ಈ ಚಿಪ್‌ದು ಮ್ಯಾನ್ಯುಯಲ್ ಇದೆಯಾ?"

ನಾಲ್ಕು ವರ್ಷದಲ್ಲಿ ಯಾರೂ ಮ್ಯಾನ್ಯುಯಲ್ ಕೇಳಿರಲಿಲ್ಲ. ಕಪಾಟಿನ ಮೇಲಿದ್ದ ದಪ್ಪ ಪುಸ್ತಕವನ್ನು ಮೇಷ್ಟ್ರು ಧೂಳು ಕೊಡವಿ ಕೊಟ್ಟ. ಅವನಿಗೆ ಸ್ವಲ್ಪ ಖುಷಿಯೇ ಆಗಿತ್ತು. ಇಂಥವಳೊಬ್ಬಳು ಬೇಕೆಂದು ಐದು ತಿಂಗಳಿಂದ ಮ್ಯಾನೇಜರ್ ತಲೆ ತಿನ್ನುತ್ತಿದ್ದರು. ಎರಡು ಕುರ್ಚಿ ಖಾಲಿ, ಹೊಸ ಮಾದರಿಯ ಕೆಲಸ ನಿಂತ ನೀರಾಗಿತ್ತು. ಅವಳು ಹಾಳೆಯಲ್ಲಿದ್ದ ವಿಳಾಸವನ್ನು ಹಿಡಿದು ಪುಟ ತಿರುವಿದಳು. ಅಂಥ ಚಿಪ್‌ಗಳಲ್ಲಿ ಹೊರಗಿನ ವೈರುಗಳ ಸ್ಥಿತಿಯೆಲ್ಲ ಮೆಮೊರಿಯ ಒಂದೊಂದು ವಿಳಾಸದಲ್ಲಿ ಕೂತಿರುತ್ತದೆ, ಅದನ್ನೇ ರಿಜಿಸ್ಟರ್ ಎನ್ನುವುದು. ಆ ವಿಳಾಸ ಓದಿದರೆ ವೈರು ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ನೋಡಲು ಮೆಮೊರಿಯಂತೆಯೇ ಇರುತ್ತದೆ, ಆದರೆ ಮೆಮೊರಿಯಲ್ಲ. ಅದೇ ಅದರ ಮೋಸ.

"ಇಲ್ಲಿ ನೋಡಿ ಸರ್." ಅವಳು ಪುಸ್ತಕವನ್ನು ತಿರುಗಿಸಿ ಇಟ್ಟಳು. ಸ್ಟೇಟಸ್ ರಿಜಿಸ್ಟರಿನ ಚಿತ್ರ. ಎಂಟು ಮನೆ, ಪ್ರತಿ ಮನೆಯಲ್ಲಿ ಸೊನ್ನೆಯೋ ಒಂದೋ ಆಗಿರುವ ಒಂದು ಬಿಟ್. ಮನೆಗಳ ಕೆಳಗೆ ಇರುವೆ ಗಾತ್ರದ ಅಕ್ಷರಗಳು. "ಇದು ಓದಿದ್ರೆ ಅಳಿಯೋ ಜಾತಿ. ಯಾರು ಓದಿದ್ರೂ ಸರಿ, ಓದಿದ ತಕ್ಷಣ ಎಲ್ಲ ಬಿಟ್ಟೂ ಸೊನ್ನೆ ಆಗುತ್ತೆ. ಪಟ್ಟಿಗೆ ಏನಾದ್ರೂ ತಗುಲಿದ್ರೆ ಮೂರನೇ ಬಿಟ್ ಏಳುತ್ತೆ, ಇಂಟರಪ್ಟ್ ಬಂದು ಅದನ್ನ ಓದುತ್ತೆ. ಅದು ಸರಿ. ಆದ್ರೆ ಮೂವತ್ತೆರಡನೇ ಸಾಲಲ್ಲಿ ಮುಖ್ಯ ಪ್ರೋಗ್ರಾಮೂ ಇದೇ ರಿಜಿಸ್ಟರ್ ಓದ್ತಿದೆ."

"ಅದು ಮೋಟರ್ ಬಿಸಿ ಆಗಿದೆಯಾ ಅಂತ ನೋಡೋಕೆ. ಹತ್ತು ಮಿಲಿಸೆಕೆಂಡಿಗೆ ಒಂದು ಸಲ."

"ಗೊತ್ತಾಯ್ತು. ಅದಕ್ಕೆ ಮುಂಚೆ ಟೈಮರ್ ಎಣಿಕೆ ಓದೋಕೆ ಅಂತ ಇಂಟರಪ್ಟ್‌ಗಳನ್ನ ಮುಚ್ಚಿದೀರಿ. ಎಣಿಕೆ ಓದಿದ ಮೇಲೆ ಇದನ್ನೂ ಓದಿ, ಆಮೇಲೆ ತೆರೆದಿದೀರಿ. ಆ ಮುಚ್ಚಿಟ್ಟ ಗಳಿಗೆಯಲ್ಲೇ ಪಟ್ಟಿಗೆ ಕೈ ತಗುಲಿತು ಅನ್ಕೊಳ್ಳಿ. ಬಿಟ್ ಎದ್ದು ನಿಲ್ಲುತ್ತೆ, ಇಂಟರಪ್ಟ್ ಬಾಗಿಲ ಹೊರಗೆ ಕಾಯ್ತಿರುತ್ತೆ. ಅಷ್ಟರಲ್ಲಿ ನೀವು ಮೋಟರ್ ನೋಡೋಕೆ ಅಂತ ಓದ್ತೀರಿ. ಮೋಟರ್ ಬಿಟ್ ಒಂದನ್ನೇ ನೋಡಿ ಉಳಿದದ್ದನ್ನ ಬಿಸಾಡ್ತೀರಿ. ಮೂರನೇ ಬಿಟ್ ಅಳಿದೇ ಹೋಯ್ತು. ಆಮೇಲೆ ಇಂಟರಪ್ಟ್ ಒಳಗೆ ಬಂದ್ರೂ, ಯಾರಪ್ಪಾ ಕರೆದಿದ್ದು ಅಂತ ನೋಡಿದ್ರೆ ಯಾರೂ ಇಲ್ಲ. ವಾಪಸ್ ಹೋಗುತ್ತೆ."

ಮೇಷ್ಟ್ರು ಹಾಳೆಯ ಮೇಲೆ ಬಗ್ಗಿದ. "ಪಟ್ಟಿ ಒತ್ತಿಕೊಂಡೇ ಇರುತ್ತಲ್ಲ. ಮತ್ತೆ ಬಿಟ್ ಏಳುತ್ತೆ."

"ಏಳಲ್ಲ ಸರ್. ತಗುಲಿದ ಆ ಕ್ಷಣಕ್ಕೆ ಮಾತ್ರ ಏಳುತ್ತೆ, ಒತ್ತಿಹಿಡಿದಿದ್ರೆ ಏಳಲ್ಲ. ಹತ್ತನೇ ಸಾಲಲ್ಲಿ ನೀವೇ ಹಾಗೆ ಹೊಂದಿಸಿದೀರಿ." ಅವಳು ಹಾಳೆಯ ಅಂಚಿನಲ್ಲಿ ಲೆಕ್ಕ ಬರೆಯಲು ಹೋದಳು, ಪ್ಲಾಸ್ಟಿಕ್ ಮೇಲೆ ಪೆನ್ನು ಮೂಡಲಿಲ್ಲ, ಅಂಗೈ ಮೇಲೆ ಬರೆದುಕೊಂಡಳು. "ಹತ್ತು ಮಿಲಿಸೆಕೆಂಡಿಗೆ ಎರಡು ಮೈಕ್ರೋಸೆಕೆಂಡ್ ಮುಚ್ಚಿರುತ್ತೆ ಅಂದ್ರೂ, ಐದು ಸಾವಿರ ಸಲಕ್ಕೆ ಒಂದು ಸಲ. ಸಾವಿರ ಸಲ ಒತ್ತಿ ನೋಡಿದ್ರೆ ಸಿಗೋದೇ ಅಪರೂಪ. ಇದೇ ಜಾತಿ ರಿಜಿಸ್ಟರ್ ನನ್ನನ್ನ ಹದಿನೇಳು ದಿನ ಅಳಿಸಿದೆ ಸರ್, ಅದಕ್ಕೇ ಕಣ್ಣಿಗೆ ಬಿತ್ತು. ಎರಡನೇ ತಪ್ಪನ್ನೂ ನೀವೇ ಇಟ್ಟಿದ್ದಾ?"

ಅವನು ತೆಗೆದದ್ದು ಒಂದೇ ಪದ. ಉಳಿದದ್ದೆಲ್ಲ ಹತ್ತು ವರ್ಷದ ಹಿಂದೆ ಅವನ ಕೈಯಿಂದ ಇಳಿದದ್ದು. ಆದರೂ ಮೇಷ್ಟ್ರ ನಾಲಿಗೆ ಅಭ್ಯಾಸ ಬಿಡಲಿಲ್ಲ.

"ಹೌದು," ಎಂದ. "ಅದನ್ನೂ ಬೇಕಂತಲೇ ಇಟ್ಟಿದ್ದು. ಹೇಗೆ ಸರಿಮಾಡ್ತೀರಿ?"

"ರಿಜಿಸ್ಟರ್ ಓದೋದು ಇಂಟರಪ್ಟ್ ಒಬ್ಬನೇ. ಒಂದು ಸಲ ಓದಿ, ಎಲ್ಲ ಬಿಟ್ಟನ್ನೂ ಒಂದು ವೋಲಟೈಲ್ ವೇರಿಯಬಲ್‌ನಲ್ಲಿ ಕೂಡಿಸಿಡಬೇಕು. ಬೇರೆಯವರಿಗೆ ಬೇಕಾದ್ದನ್ನ ಅಲ್ಲಿಂದ ತಗೋಬೇಕು. ನಾಲ್ಕು ಸಾಲು."

ಅವಳು ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. "ಈ ಕೋಡು ನಿಜವಾದ ಬಾಗಿಲಲ್ಲಿ ಎಲ್ಲೂ ಇಲ್ಲ ಅಲ್ವಾ ಸರ್? ಇದ್ರೆ ಯಾರಿಗಾದ್ರೂ ಪೆಟ್ಟಾಗುತ್ತೆ."

"ಇಲ್ಲ. ಇದು ಪ್ರಶ್ನೆಗೆ ಅಂತ ಬರೆದದ್ದು."

"ಸದ್ಯ," ಎಂದು ಅವಳು ನಕ್ಕು ಹೋದಳು.

ಮೇಷ್ಟ್ರು ಊಟಕ್ಕೆ ಹೋಗಲಿಲ್ಲ. ಲ್ಯಾಬಿಗೆ ಹೋಗಿ ಹಳೆಯ ಬೋರ್ಡೊಂದನ್ನು ಡಬ್ಬದಿಂದ ತೆಗೆದ. ಪಟ್ಟಿಯ ವೈರು ಬರುವ ಜಾಗಕ್ಕೆ ಸಿಗ್ನಲ್ ಜನರೇಟರ್ ಕೊಟ್ಟು, ಸೆಕೆಂಡಿಗೆ ತೊಂಬತ್ತೇಳು ಸಲ ಒತ್ತುವ ಹಾಗೆ ಹೊಂದಿಸಿದ. ನೂರು ಇಟ್ಟರೆ ಪ್ರೋಗ್ರಾಂನ ಹತ್ತು ಮಿಲಿಸೆಕೆಂಡಿನ ಲಯಕ್ಕೆ ಸೇರಿಕೊಂಡು ಮೋಸವಾಗುತ್ತದೆ ಎಂಬಷ್ಟು ಎಚ್ಚರ ಅವನಿಗಿತ್ತು. ಹತ್ತು ನಿಮಿಷ ಬಿಟ್ಟ. ಒತ್ತಿದ್ದು ಐವತ್ತೆಂಟು ಸಾವಿರದ ಇನ್ನೂರು ಸಲ. ಬೋರ್ಡು ಗಮನಿಸದೆ ಬಿಟ್ಟದ್ದು ಹನ್ನೊಂದು ಸಲ.

ಹತ್ತು ನಿಮಿಷ. ಒಂಬತ್ತು ವರ್ಷದ ಹಿಂದೆ ಇದೇ ಜನರೇಟರ್ ಇದೇ ಮೇಜಿನ ಮೇಲಿತ್ತು. ಅವತ್ತು ಅವನು ಸಾವಿರಕ್ಕೇ ಯಾಕೆ ನಿಲ್ಲಿಸಿದ? ಸಾವಿರ ಎಂಬುದು ವರದಿಯಲ್ಲಿ ನೋಡಲು ಚೆಂದ. ಮತ್ತೆ, ಇದನ್ನೂ ಹೇಳಿಬಿಡಬೇಕು, ಸಾವಿರದ ಒಂದನೆಯದರಲ್ಲಿ ಏನಿರುತ್ತದೋ ಎಂಬ ಹೆದರಿಕೆ ಅವನಿಗೆ ಅವತ್ತೂ ಇತ್ತು. ಅಣ್ಣ ದೀಪ ಹತ್ತಿತ್ತು ಎಂದಾಗ ಎದೆಯಲ್ಲಿ ಏನೋ ಒಂದು ಎದ್ದುನಿಂತಿತ್ತು. ಆ ದೀಪಕ್ಕೂ ಪ್ರೋಗ್ರಾಂಗೂ ಸಂಬಂಧವಿಲ್ಲ, ಅದು ನೇರ ಪಟ್ಟಿಯ ವೈರಿನಿಂದ ಹತ್ತುವಂಥದ್ದು. ಹತ್ತಿತ್ತೆಂದರೆ ವೈರು ಬಿಚ್ಚಿರಲಿಲ್ಲ ಎಂದೇ ಅರ್ಥ. ಇಷ್ಟಂತೂ ಮೂರು ವರ್ಷದ ಅನುಭವದವನಿಗೂ ಗೊತ್ತಾಗುತ್ತದೆ. ಅವನು ಅದನ್ನು ಒಮ್ಮೆ ಕೇಳಿಸಿಕೊಂಡು, ಅಲ್ಲೇ ಅಳಿಸಿಹಾಕಿದ್ದ.

ಆ ಮಾದರಿಯ ಮುನ್ನೂರಕ್ಕೂ ಮಿಕ್ಕಿ ಬಾಗಿಲುಗಳು ಇನ್ನೂ ಗೋದಾಮುಗಳಲ್ಲಿ, ಆಸ್ಪತ್ರೆಗಳ ಹಿಂಬದಿಯಲ್ಲಿ ಇಳಿಯುತ್ತಾ ಏರುತ್ತಾ ಇದ್ದವು. ಮುಂದಿನ ಸರ್ವಿಸಿನಲ್ಲಿ ಸದ್ದಿಲ್ಲದೆ ಹೊಸ ಪ್ರೋಗ್ರಾಂ ಹಾಕಿಸಿದರಾಯಿತು, ಸಣ್ಣಪುಟ್ಟ ಸುಧಾರಣೆ ಎಂದು ಬರೆದರಾಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಸರ್ವಿಸ್ ಎಂದರೆ ಕೆಲವು ಕಡೆ ಆರು ತಿಂಗಳು, ಕೆಲವು ಕಡೆ ಎರಡು ವರ್ಷ. ಅಷ್ಟರಲ್ಲಿ ಏನೂ ಆಗದಿರಲಿ ಎಂದುಕೊಂಡ. ಐವತ್ತು ಮಿಲಿಸೆಕೆಂಡಿನ ಲೆಕ್ಕವನ್ನು ಪರರಿಂದ ಕೇಳುವವನು ತನಗೆ ಎರಡು ವರ್ಷದ ಗಡುವು ಕೊಟ್ಟುಕೊಂಡ.

ಮೂರು ಗಂಟೆಗೆ ಮ್ಯಾನೇಜರ್ ಬಂದರು. ಕೈಯಲ್ಲಿ ಫಾರಂ. "ಏನ್ರೀ ಮೇಷ್ಟ್ರೇ, ಹೇಗಿದ್ದಾಳೆ ಹುಡುಗಿ? ನಿಮ್ಮ ಹಾಳೆ ಹಿಡಿದಳಾ?"

"ಹಿಡಿದಳು."

"ಹಾಗಾದ್ರೆ ಮತ್ತಿನ್ನೇನು, ಸೋಮವಾರದಿಂದಲೇ ಬರಕ್ಕೆ ಹೇಳೋಣ. ಮೊದಲು ಹಳೇ ಮಾದರಿ ಕೋಡೆಲ್ಲ ಅವಳ ಕೈಗೆ ಕೊಡಿ. ಅದನ್ನ ಪೂರ್ತಿ ಅರ್ಥಮಾಡ್ಕೊಂಡು ಹೊಸದಕ್ಕೆ ಕೈ ಹಾಕಲಿ."

ಹಳೆಯ ಮಾದರಿಯ ಕೋಡು. ಅವಳು ಮೊದಲ ವಾರದಲ್ಲೇ ಮೂವತ್ತೆರಡನೆಯ ಸಾಲನ್ನು ಅದರ ಸ್ವಂತ ಮನೆಯಲ್ಲೇ ನೋಡುತ್ತಾಳೆ. ಇದು ಪ್ರಶ್ನೆಗೆ ಅಂತ ಬರೆದದ್ದು ಅಂದಿರಲ್ಲ ಸರ್ ಎನ್ನುತ್ತಾಳೆ. ಫೈಲು ತೆಗೆದರೆ ವರದಿ ಸಿಗುತ್ತದೆ, ವರದಿಯ ಕೆಳಗೆ ಸಹಿ ಸಿಗುತ್ತದೆ.

"ಸರ್, ಜಾಣೆ ಏನೋ ಹೌದು," ಎಂದ ಮೇಷ್ಟ್ರು. "ಆದ್ರೆ ಕೇಳಿದ್ದು ಒಂದಕ್ಕೆ ಹತ್ತು ಹೇಳ್ತಾಳೆ. ಗಡುವಿಗೆ ಕೆಲಸ ಮುಗಿಸೋ ಪೈಕಿ ಅಲ್ಲ ಅನಿಸುತ್ತೆ. ನಮ್ಮ ತಂಡಕ್ಕೆ ಹೊಂದಲ್ಲ."

ಮ್ಯಾನೇಜರ್ ಮುಖ ಬಾಡಿತು. "ಐದು ತಿಂಗಳಾಯ್ತಲ್ರೀ. ಖಚಿತವಾಗಿ ಹೇಳ್ತೀರಾ?"

"ಖಚಿತ."

"ಆಯ್ತಪ್ಪ. ಈ ವಿಷಯದಲ್ಲಿ ನಿಮ್ಮ ಮಾತೇ ಕೊನೆ." ಅವರು ಫಾರಂ ಮೇಜಿನ ಮೇಲಿಟ್ಟು ಹೋದರು. ಸೂಕ್ತರಲ್ಲ ಎಂಬ ಚೌಕದಲ್ಲಿ ಮೇಷ್ಟ್ರು ಗುರುತು ಹಾಕಿದ. ಕಾರಣ ಎಂಬಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎರಡು ಸಾಲು ಬರೆದ. ಎಂಟು ತಿಂಗಳಿಂದ ಕೆಲಸವಿಲ್ಲದವಳ ಹೊಟ್ಟೆಯ ಮೇಲೆ ಹೊಡೆಯಲು ಅಷ್ಟು ಸಾಕಾಯಿತು. ತನ್ನ ಸಹಿ ಇಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಆರಕ್ಕೆ ಅವನು ಅಣ್ಣನ ಮನೆಗೆ ಹೋದ. ವಾರಕ್ಕೆರಡು ಸಲ ಹೋಗುವುದು ರೂಢಿ. ಮನೆಯ ಮುಂದಿನ ಚಿಕ್ಕ ಕೋಣೆಯಲ್ಲಿ ಅಣ್ಣ ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ರಿಪೇರಿ ಮಾಡುತ್ತಾನೆ. ಮೇಜಿನ ಮೇಲೆ ಬಗ್ಗಿಸಿದ ಕತ್ತಿನ ಒಂದು ದೀಪ, ಡಬ್ಬದ ತುಂಬ ತಿರುಪು. ಮೂರು ಬೆರಳಿನ ಕೈಯಲ್ಲೇ ಕೆಲಸ ಮಾಡುವುದು ಅವನಿಗೆ ರೂಢಿಯಾಗಿಹೋಗಿದೆ. ಆದರೆ ತಮ್ಮ ಬಂದ ತಕ್ಷಣ ಕೆಲಸ ನಿಲ್ಲಿಸಿ ಆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಒಂಬತ್ತು ವರ್ಷದಿಂದ ತಪ್ಪದೆ ಹಾಗೆ ಮಾಡುತ್ತಾ ಬಂದಿದ್ದಾನೆ. ತಮ್ಮನ ಕಣ್ಣಿಗೆ ಬೀಳದಿರಲಿ ಎಂದು.

ಅವತ್ತೂ ಹಾಗೇ ಮಾಡಿದ. "ಬಾರೋ. ಅತ್ತಿಗೆ ಟೀ ಇಡ್ತಾಳೆ, ಕೂತ್ಕೋ. ಏನೋ ಮುಖ ಹಿಂಗಾಗಿದೆ?"

ಮೇಷ್ಟ್ರು ಕೂತ. ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡು ಬಂದವನಿಗೆ ನೀರು ಮೊಣಕಾಲಿಗೆ ಬಂದಾಗಲೇ ನಡುಕ ಹುಟ್ಟಿತು. ಒಳಗೆ ಅತ್ತಿಗೆ ಪಾತ್ರೆ ಸದ್ದು ಮಾಡುತ್ತಿದ್ದಳು. ಆ ಸದ್ದು ನಿಂತ ಮೇಲೆ ಹೇಳೋಣ ಎಂದು ಕಾದ. ನಿಂತಿತು.

"ಅಣ್ಣ, ಆ ಬಾಗಿಲು," ಎಂದ. "ಆ ಗೋದಾಮಿಂದು. ತಪ್ಪು ಪ್ರೋಗ್ರಾಂನಲ್ಲೇ ಇತ್ತು. ನಿನ್ನ ಕೈ ತಗುಲಿದ್ದು ಬೋರ್ಡಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನ ನನ್ನದೇ ಇನ್ನೊಂದು ಸಾಲು ಅಳಿಸಿಬಿಟ್ಟಿದೆ. ಐದು ಸಾವಿರಕ್ಕೆ ಒಂದು ಸಲ ಹಾಗಾಗುತ್ತೆ. ನನಗೆ ಇವತ್ತು ಗೊತ್ತಾಯ್ತು."

ಅಣ್ಣ ಬೆಚ್ಚಿಬೀಳಲಿಲ್ಲ, ಕೋಪ ಮಾಡಿಕೊಳ್ಳಲಿಲ್ಲ. ತಮ್ಮನ ಮುಖವನ್ನೇ ನೋಡಿದ, ಏನೋ ಲೆಕ್ಕ ತಾಳೆಯಾಗುತ್ತಿಲ್ಲ ಎಂಬಂತೆ.

"ಇವತ್ತು ಗೊತ್ತಾಯ್ತಾ?" ಎಂದ. "ಅವತ್ತೇ ನಿನಗೆ ಗೊತ್ತಿರಲಿಲ್ವಾ?"

"ಇಲ್ಲ ಅಣ್ಣ."

"ದೀಪ ಹತ್ತಿತ್ತು ಅಂತ ಹೇಳಿದ್ನಲ್ಲೋ. ನೀನು ಓದಿದವನು. ಹೇಳಿದ ತಕ್ಷಣ ನಿನಗೆ ಗೊತ್ತಾಗಿದೆ, ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ, ಅದಕ್ಕೆ ಹೇಳೋಕಾಗ್ತಿಲ್ಲ ಅಂದ್ಕೊಂಡೆ. ಹೆಂಗೂ ನನ್ನ ಕೈ ಹೋಗಿದೆ, ನಿನ್ನ ಅನ್ನ ಯಾಕೆ ಹೋಗಬೇಕು ಅಂತ ವೈರು ಬಿಚ್ಚಿದ್ದೆ ಅಂತ ಒಪ್ಕೊಂಡೆ. ಪಾಪ, ಗೊತ್ತಿದ್ದೂ ಬಾಯಿಬಿಡೋಕಾಗದೆ ಒಳಗೊಳಗೇ ಬೇಯ್ತಿದಾನೆ ಅಂತ ಇಷ್ಟು ವರ್ಷ ನಿನ್ನ ನೋಡಿ ನನಗೇ ಸಂಕಟ ಆಗ್ತಿತ್ತು."

ತಿಳಿದೂ ಸುಳ್ಳು ಹೇಳಿದವನೆಂದುಕೊಂಡು ಅಣ್ಣ ಮೇಷ್ಟ್ರನ್ನು ಒಂಬತ್ತು ವರ್ಷದ ಹಿಂದೆಯೇ ಕ್ಷಮಿಸಿ ಆಗಿತ್ತು. ಅವನು ತಿಳಿದುಕೊಳ್ಳುವ ಗೋಜಿಗೇ ಹೋಗಿರಲಿಲ್ಲ ಎಂಬುದು ಅಣ್ಣನ ಲೆಕ್ಕದಲ್ಲಿ ಇರಲೇ ಇಲ್ಲ.

"ಹೋಗ್ಲಿ ಬಿಡು," ಎಂದ ಅಣ್ಣ. ಅವನ ಮುಖದಲ್ಲಿ ನಿಧಾನಕ್ಕೆ ಒಂದು ಗೆಲುವು ಬಂತು. "ಅಂತೂ ಸಿಕ್ತಲ್ಲ. ಇನ್ಯಾರ ಕೈಯೂ ಹೋಗಲ್ಲ. ಕಂಡುಹಿಡಿದಿದ್ದು ನೀನೇನಾ?"

"ಅಲ್ಲ. ಇಂಟರ್‌ವ್ಯೂಗೆ ಬಂದ ಒಂದು ಹುಡುಗಿ. ನಾನು ಬೇರೆ ಒಂದು ತಪ್ಪು ತೋರಿಸು ಅಂತ ಆ ಕೋಡು ಕೊಟ್ಟೆ. ಅವಳು ಇದನ್ನೂ ತೋರಿಸಿದಳು. ಹತ್ತು ನಿಮಿಷ ಆಗಿರಲಿಲ್ಲ."

"ಜಾಣೆ ಕಣೋ." ಅಣ್ಣ ತನ್ನ ಮಗಳೇ ಪಾಸಾದಳೇನೋ ಎಂಬಂತೆ ನಕ್ಕ. "ಇಂಥವಳು ನಿಮ್ಮಲ್ಲಿ ಮೊದಲೇ ಇರಬೇಕಿತ್ತು. ಒಂದಿನ ಕರ್ಕೊಂಡು ಬಾರೋ ಮನೆಗೆ, ಊಟಕ್ಕೆ. ಯಾವತ್ತಿಂದ ಕೆಲಸಕ್ಕೆ ಬರ್ತಾಳೆ?"

ಅತ್ತಿಗೆ ಟೀ ತಂದಿಟ್ಟು ಒಳಗೆ ಹೋದಳು. ಮೇಷ್ಟ್ರು ಲೋಟ ಎತ್ತಿಕೊಂಡ, ಕುಡಿಯಲಿಲ್ಲ. ಇನ್ನೂ ನಿರ್ಧಾರವಾಗಿಲ್ಲ ಎಂದು ಹೇಳಿಬಿಡಬಹುದಿತ್ತು. ಬಾಯಿ ತೆರೆದ. ಅಣ್ಣನ ಮುಖ ನೋಡಿ ಮುಚ್ಚಿದ.

ಅಣ್ಣನ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು.

"ಬೇಡ ಅಂದ್ಯಾ?"

ಮೇಷ್ಟ್ರು ತಲೆ ತಗ್ಗಿಸಿದ.

"ಆ ಬಾಗಿಲುಗಳ ವಿಷಯ ಕಂಪನಿಗೆ ಹೇಳಿದ್ಯಾ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದ. ಅಣ್ಣ ಬೈದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು, ಎರಡು ಹೊಡೆದಿದ್ದರೆ ಇನ್ನೂ ಹಗುರಾಗುತ್ತಿತ್ತು.

ಅಣ್ಣ ಬಲಗೈಯನ್ನು ಜೇಬಿನಿಂದ ತೆಗೆದ. ಮೇಜಿನ ಮೇಲಿದ್ದ ಫ್ಯಾನಿನ ರೆಕ್ಕೆಗಳನ್ನು ಪಕ್ಕಕ್ಕೆ ಸರಿಸಿ, ದೀಪದ ಕತ್ತನ್ನು ಇನ್ನಷ್ಟು ಬಗ್ಗಿಸಿ, ಕೈಯನ್ನು ಅದರ ಕೆಳಗೆ ಅಂಗಾತ ಇಟ್ಟ.

"ನೋಡು," ಎಂದ.

ಮೇಷ್ಟ್ರು ನೋಡಿದ. ಅಣ್ಣ ಕೈಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.